ಸೊನ್ನೆಯ ಕೆಳಗೆ ಇಳಿಯಲಾಗದ ಮಾಪಕ

2020ರ ಫೆಬ್ರುವರಿ 28, ಶುಕ್ರವಾರ. ಕೊರೊನಾ ಸುದ್ದಿಗೆ ಬೆದರಿದ ಷೇರುಪೇಟೆ ಆ ಒಂದೇ ದಿನ ನಿಫ್ಟಿಯಲ್ಲಿ 431 ಅಂಶ ಕಳೆದುಕೊಂಡಿತು. ದಿನದ ಕೊನೆಗೆ ಸೂಚ್ಯಂಕ ನಿಂತದ್ದು 11,201.75ರಲ್ಲಿ. ಅಂದು ಸಂಜೆ ಚಾರ್ಟ್ ತೆರೆದು ಕೂತವರಿಗೆ ಬೆಲೆಯ ಗೆರೆಯ ಕೆಳಗೆ, ಸೊನ್ನೆಯಿಂದ ನೂರರವರೆಗೆ ಏರಿಳಿಯುವ ಇನ್ನೊಂದು ಗೆರೆ ಕಾಣುತ್ತಿತ್ತು. ಅದು ಸುಮಾರು ಎರಡೂವರೆಗೆ ಬಂದು ತಳ ಹಿಡಿದಿತ್ತು. ಆ ಗೆರೆಯ ಹೆಸರು ಸ್ಟೊಕಾಸ್ಟಿಕ್ ಆಸಿಲೇಟರ್. ಅದು 20ರ ಕೆಳಗಿಳಿದರೆ ಷೇರು 'ಓವರ್‌ಸೋಲ್ಡ್', ಅಂದರೆ ಮಾರುವವರೆಲ್ಲ ಮಾರಿ ಆಯಿತು, ಇನ್ನು ಬೆಲೆ ಮೇಲೇಳಬೇಕು ಎಂದು ಪೇಟೆಯ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಹಾಗಾದರೆ ಎರಡೂವರೆ ಎಂದರೆ ಕೇಳಬೇಕೆ?

ಆ ಮಾತು ನಂಬಿ ಕೊಂಡವರ ಮುಂದೆ ಇನ್ನೂ ಮೂರು ಸಾವಿರದ ಐನೂರಕ್ಕೂ ಹೆಚ್ಚು ಅಂಶಗಳ ಕುಸಿತ ಕಾದಿತ್ತು. ಮಾರ್ಚ್ 23ರಂದು ನಿಫ್ಟಿ 7,610.25ಕ್ಕೆ ಮುಗಿಯಿತು. ಅಲ್ಲಿಗೆ ನೂರಕ್ಕೆ 32ರಷ್ಟು ಹಣ ಕರಗಿತ್ತು. ಮಾಪಕ ಕೆಟ್ಟಿರಲಿಲ್ಲ. ಅದು ತನ್ನ ಲೆಕ್ಕವನ್ನು ಸರಿಯಾಗಿಯೇ ಮಾಡಿತ್ತು. ಆ ಲೆಕ್ಕ ಏನನ್ನು ಅಳೆಯುತ್ತದೆ ಎಂಬುದನ್ನು ನೋಡುವವರು ತಪ್ಪು ತಿಳಿದಿದ್ದರು, ಅಷ್ಟೆ.

ಲೆಕ್ಕ ಬಹಳ ಸರಳ. ಕಳೆದ 14 ವಹಿವಾಟು ದಿನಗಳನ್ನು ತೆಗೆದುಕೊಳ್ಳಿ. ಆ ದಿನಗಳಲ್ಲಿ ಬೆಲೆ ಯಾವುದೋ ಕ್ಷಣದಲ್ಲಿ ಮುಟ್ಟಿದ ಅತಿ ಎತ್ತರದ ಮಟ್ಟ ಒಂದು, ಅತಿ ಕೆಳಗಿನ ಮಟ್ಟ ಇನ್ನೊಂದು. ಇವೆರಡರ ನಡುವಿನ ಅಂತರವೇ ಇತ್ತೀಚಿನ ಓಡಾಟದ ಹರವು. ಇವತ್ತಿನ ಮುಕ್ತಾಯದ ಬೆಲೆ ಆ ಹರವಿನ ತಳದಿಂದ ಎಷ್ಟು ಮೇಲಿದೆ ಎಂದು ಕಳೆದು, ಇಡೀ ಹರವಿನಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಮುಗಿಯಿತು.

```
%K = 100 × (C − L14) / (H14 − L14)
```

ಇಲ್ಲಿ C ಇವತ್ತಿನ ಮುಕ್ತಾಯದ ಬೆಲೆ, L14 ಹದಿನಾಲ್ಕು ದಿನಗಳ ಕನಿಷ್ಠ, H14 ಗರಿಷ್ಠ. ಒಂದು ಷೇರು ಹದಿನಾಲ್ಕು ದಿನಗಳಲ್ಲಿ 460 ಮತ್ತು 540 ರೂಪಾಯಿಗಳ ನಡುವೆ ಓಡಾಡಿ ಇಂದು 500ಕ್ಕೆ ಮುಗಿದರೆ, 80 ರೂಪಾಯಿಯ ಹರವಿನಲ್ಲಿ ಅದು ತಳದಿಂದ 40 ಮೇಲಿದೆ. ಉತ್ತರ 50. ಹರವಿನ ತುತ್ತತುದಿಯಲ್ಲಿ ಮುಗಿದರೆ 100, ತಳದಲ್ಲಿ ಮುಗಿದರೆ 0. ಈ %K ಗೆರೆ ಬಹಳ ಚಂಚಲ. ಅದಕ್ಕೇ ಮೂರು ದಿನಗಳ ಸರಾಸರಿ ತೆಗೆದು ಇನ್ನೊಂದು ಗೆರೆ ಎಳೆಯುತ್ತಾರೆ. ಅದು %D. ಮೊದಲನೆಯದು ಎರಡನೆಯದನ್ನು ಕೆಳಗಿನಿಂದ ದಾಟಿದರೆ ಕೊಳ್ಳುವ ಸಂಕೇತ, ಮೇಲಿನಿಂದ ದಾಟಿದರೆ ಮಾರುವ ಸಂಕೇತ ಎಂದು ಓದುವುದು ರೂಢಿ. ಇದು ಫಾಸ್ಟ್ ರೂಪ. ಸ್ಲೋ ರೂಪದಲ್ಲಿ ಮೂಲ %Kಯನ್ನೇ ಒಮ್ಮೆ ಮೂರು ದಿನಗಳ ಸರಾಸರಿಯಾಗಿಸಿ, ಆ ಸರಾಸರಿಗೆ ಮತ್ತೊಂದು ಮೂರು ದಿನಗಳ ಸರಾಸರಿ ತೆಗೆಯುತ್ತಾರೆ. ಚಾರ್ಟ್ ತಂತ್ರಾಂಶದಲ್ಲಿ 14, 3, 3 ಎಂದು ಕಾಣುವ ಅಂಕಿಗಳು ಇವೇ.

ಈ ಲೆಕ್ಕವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾರ್ಜ್ ಲೇನ್. 1950ರ ದಶಕದ ಕೊನೆಯ ವರ್ಷಗಳು ಅವು. ರಾಲ್ಫ್ ಡಿಸ್ಟಂಟ್ ಎಂಬವರಿಗೂ ಇದರಲ್ಲಿ ಪಾಲಿದೆ ಎನ್ನುವವರಿದ್ದಾರೆ, ಆ ವ್ಯಾಜ್ಯ ನಮಗೆ ಬೇಡ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಾಗದ, ಪೆನ್ಸಿಲ್ ಹಿಡಿದು ದಿನದಿನವೂ ಮಾಡಬಹುದಾದ ಲೆಕ್ಕ ಬೇಕಾಗಿತ್ತು. ಇದು ಅಂಥದ್ದು.

ಲೇನ್ ಮುಕ್ತಾಯದ ಬೆಲೆಗೇ ಏಕೆ ಗಂಟುಬಿದ್ದರು ಎಂಬುದರಲ್ಲಿ ಒಂದು ಒಳ್ಳೆಯ ಗಮನಿಕೆ ಇದೆ. ಬೆಲೆ ಗಟ್ಟಿಯಾಗಿ ಏರುತ್ತಿರುವಾಗ ದಿನಗಳು ಮುಗಿಯುವುದು ಹರವಿನ ಮೇಲ್ತುದಿಯ ಬಳಿ. ಏರಿಕೆ ದಣಿಯುವ ಹೊತ್ತಿಗೆ ದಿನದ ನಡುವೆ ಹೊಸ ಎತ್ತರ ಮುಟ್ಟಿದರೂ ಸಂಜೆಯ ಹೊತ್ತಿಗೆ ಮಾರುವವರು ಬಂದು ಬೆಲೆಯನ್ನು ಕೆಳಕ್ಕೆ ತಳ್ಳಿರುತ್ತಾರೆ. ಬೆಲೆಯ ಎತ್ತರ ಹೆಚ್ಚುತ್ತಿದ್ದರೂ ಮುಕ್ತಾಯ ಆ ಎತ್ತರದಿಂದ ದೂರ ಸರಿಯತೊಡಗುತ್ತದೆ. ಇಳಿಕೆಯಲ್ಲಿ ಇದರ ತಿರುಗುಮುರುಗು. ಹೀಗಾಗಿ ಬೆಲೆ ತಿರುಗುವ ಮುನ್ನ ಅದರ ರಭಸ ತಿರುಗುತ್ತದೆ, ಆ ರಭಸವನ್ನು ಈ ಗೆರೆಯಲ್ಲಿ ಹಿಡಿಯಬಹುದು ಎಂಬುದು ಅವರ ನಂಬಿಕೆ. ಅವರಿಗೆ 80 ಮತ್ತು 20ರ ಗಡಿಗಳಿಗಿಂತ ಮುಖ್ಯವಾಗಿದ್ದದ್ದು ಬೆಲೆಯೂ ಗೆರೆಯೂ ಬೇರೆ ಬೇರೆ ದಿಕ್ಕು ಹಿಡಿಯುವ ಸಂದರ್ಭ. ಪೇಟೆಯವರ ಮಾತಿನಲ್ಲಿ ಇದು ಡೈವರ್ಜೆನ್ಸ್. ಬೆಲೆ ಹಿಂದಿನ ತಳಕ್ಕಿಂತ ಕೆಳಗಿನ ತಳ ಮಾಡಿದರೂ ಮಾಪಕ ತನ್ನ ಹಿಂದಿನ ತಳಕ್ಕಿಂತ ಮೇಲೆಯೇ ನಿಂತರೆ, ಇಳಿಕೆಯ ಶಕ್ತಿ ಕುಂದಿದೆ ಎಂದರ್ಥ.

ಈಗ 2020ರ ಮಾರ್ಚ್‌ಗೆ ಹೋಗೋಣ. ಇಲ್ಲಿ ಕೊಡುವ ಮುಕ್ತಾಯದ ಅಂಕಿಗಳು ನಿಖರ, ಮಾಪಕದ ಓದುಗಳು ಸುಮಾರು ಲೆಕ್ಕ.

ಫೆಬ್ರುವರಿ 28ರಂದು ಹಿಂದಿನ ಹದಿನಾಲ್ಕು ದಿನಗಳ ಗರಿಷ್ಠ ಹತ್ತಿರಹತ್ತಿರ 12,250. ಕನಿಷ್ಠ ಅಂದೇ ಮುಟ್ಟಿದ ಸುಮಾರು 11,175. ಹರವು 1,075ರಷ್ಟು. ಮುಕ್ತಾಯ ತಳದಿಂದ 27 ಅಂಶ ಮಾತ್ರ ಮೇಲೆ. ಭಾಗಿಸಿದರೆ ಎರಡೂವರೆ. ಮುಂದಿನ ವಾರ ಸೂಚ್ಯಂಕ ಒಂದಿಷ್ಟು ಚೇತರಿಸಿಕೊಂಡಿತು, ಮಾಪಕ 20ರ ಆಸುಪಾಸಿಗೆ ಏರಿತು. ಮಾರ್ಚ್ 9ರ ಸೋಮವಾರ ಮತ್ತೆ ಕುಸಿತ, ಮುಕ್ತಾಯ 10,451.45. ಬೆಲೆ ಹಿಂದಿನ ತಳಕ್ಕಿಂತ 750 ಅಂಶ ಕೆಳಗೆ. ಮಾಪಕವೋ ಸುಮಾರು 8ರಲ್ಲಿ, ಅಂದರೆ ಹಿಂದಿನ ಎರಡೂವರೆಗಿಂತ ಮೇಲೆ. ಮೂರು ದಿನಗಳ ಸರಾಸರಿಯೂ ಹಾಗೆಯೇ, ಹಿಂದಿನ ತಳದಲ್ಲಿ ಏಳೆಂಟು ಇದ್ದದ್ದು ಈಗ 13ರಷ್ಟು. ಲೇನ್ ಅವರ ಪಾಠದ ಪ್ರಕಾರ ಇಳಿಕೆ ದಣಿದಿರಬೇಕಿತ್ತು. ದಣಿದಿರಲಿಲ್ಲ. ಮಾರ್ಚ್ 12ರಂದು ನಿಫ್ಟಿ 9,590.15ಕ್ಕೆ ಮುಗಿಯಿತು.

ಮರುದಿನ, ಮಾರ್ಚ್ 13ರ ಶುಕ್ರವಾರ, ಭಾರತೀಯ ಪೇಟೆಯ ಅತ್ಯಂತ ವಿಚಿತ್ರ ದಿನಗಳಲ್ಲಿ ಒಂದು. ಬೆಳಿಗ್ಗೆ ನಿಫ್ಟಿ ಶೇ 10ಕ್ಕಿಂತ ಹೆಚ್ಚು ಬಿದ್ದು ವಹಿವಾಟು 45 ನಿಮಿಷ ನಿಂತಿತು. ಸುಮಾರು 8,555ರ ತಳ ಮುಟ್ಟಿದ ಸೂಚ್ಯಂಕ ಅಲ್ಲಿಂದ ಎದ್ದು ಸಂಜೆ 9,955.20ಕ್ಕೆ ಮುಗಿಯಿತು. ಆ ದಿನದ ಲೆಕ್ಕ ನೋಡಿ. ಹದಿನಾಲ್ಕು ದಿನಗಳ ಗರಿಷ್ಠ ಸುಮಾರು 12,010, ಕನಿಷ್ಠ 8,555, ಹರವು 3,455. ಮುಕ್ತಾಯ ತಳದಿಂದ 1,400 ಮೇಲೆ. %K ಸುಮಾರು 40. ಹಿಂದಿನ ದಿನ ಅದು 3 ಇತ್ತು, ಅದರ ಹಿಂದಿನ ದಿನ 9. ಮೂರೂ ಸೇರಿಸಿ ಸರಾಸರಿ ತೆಗೆದರೆ %D ಹದಿನೇಳೂವರೆ. ಹದಿನೇಳೂವರೆಯನ್ನು ಸೀಳಿಕೊಂಡು 40ಕ್ಕೆ ಹಾರಿದ ಗೆರೆ! ತಳದಿಂದ ಮೇಲೆದ್ದು ದಾಟಿದ, ಪಠ್ಯಪುಸ್ತಕದಲ್ಲಿ ಚಿತ್ರ ಹಾಕಬಹುದಾದ ಕೊಳ್ಳುವ ಸಂಕೇತ.

ಸೋಮವಾರ, ಮಾರ್ಚ್ 16ರಂದು ನಿಫ್ಟಿ 9,197.40ಕ್ಕೆ ಇಳಿಯಿತು. %K 19ರ ಹತ್ತಿರ, %D 21ರ ಹತ್ತಿರ. ಅಂದರೆ ಗೆರೆ ಒಂದೇ ವಹಿವಾಟು ದಿನದಲ್ಲಿ ಮತ್ತೆ ಕೆಳಕ್ಕೆ ದಾಟಿತು. ಶುಕ್ರವಾರದ ಮುಕ್ತಾಯದಲ್ಲಿ ಕೊಂಡು ಸೋಮವಾರದ ಮುಕ್ತಾಯದಲ್ಲಿ ಶಿಸ್ತಾಗಿ ಮಾರಿದವರಿಗೂ ಶೇ 7.6ರ ನಷ್ಟ.

ಫಾಸ್ಟ್ ರೂಪ ಗಡಿಬಿಡಿಯದು, ಸುಳ್ಳು ಸಂಕೇತ ಕೊಡುತ್ತದೆ, ಸ್ಲೋ ರೂಪ ಬಳಸಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಇದೇ ದಿನಗಳಿಗೆ ಆ ಸಲಹೆಯನ್ನೂ ಹಚ್ಚಿ ನೋಡಿ. ಸ್ಲೋ ರೂಪದಲ್ಲಿಯೂ ಮಾರ್ಚ್ 13ರಂದೇ ಕೊಳ್ಳುವ ದಾಟುವಿಕೆ ಆಗುತ್ತದೆ, ಸ್ಲೋ ಗೆರೆ ಹದಿನೇಳೂವರೆ, ಅದರ ಸರಾಸರಿ 11ರಷ್ಟು. ಆದರೆ ಸೋಮವಾರದ ಕುಸಿತ ಅದಕ್ಕೆ ಸರಿಯಾಗಿ ಕಾಣುವುದೇ ಇಲ್ಲ, ಏಕೆಂದರೆ ಶುಕ್ರವಾರದ 40 ಇನ್ನೂ ಅದರ ಸರಾಸರಿಯೊಳಗೆ ಕೂತಿದೆ. ಸೋಮವಾರ ಅದು 21ಕ್ಕೆ ಏರುತ್ತದೆ. ಮಂಗಳವಾರ ನಿಫ್ಟಿ 8,967.05ಕ್ಕೆ ಇಳಿದಾಗಲೂ ಅದು 24ಕ್ಕೆ ಏರುತ್ತದೆ. ಬೆಲೆ ಎರಡು ದಿನ ಬೀಳುತ್ತಿದೆ, ಮಾಪಕ ಎರಡು ದಿನ ಏರುತ್ತಿದೆ! 20ರ ಗಡಿಯನ್ನೂ ದಾಟಿದ್ದರಿಂದ 'ಸಂಕೇತ ಖಚಿತವಾಯಿತು' ಎಂದುಕೊಂಡು ಆಗ ಕೊಂಡವರೂ ಇದ್ದಿರಬಹುದು. ಮಾರುವ ದಾಟುವಿಕೆ ಬಂದದ್ದು ಬುಧವಾರ, ಮಾರ್ಚ್ 18ರಂದು, ನಿಫ್ಟಿ 8,468.80ಕ್ಕೆ ಮುಗಿದಾಗ. ಶುಕ್ರವಾರದಿಂದ ಲೆಕ್ಕ ಹಾಕಿದರೆ ನಷ್ಟ ಹೆಚ್ಚುಕಡಿಮೆ ಶೇ 15. ಫಾಸ್ಟ್ ರೂಪದ ದುಪ್ಪಟ್ಟು. ಸರಾಸರಿಯ ಮೇಲೆ ಸರಾಸರಿ ತೆಗೆದಷ್ಟೂ ಗೆರೆ ನಯವಾಗುತ್ತದೆ, ಜೊತೆಗೆ ಹಳೆಯ ಸುದ್ದಿಯನ್ನು ಹೊತ್ತು ತಿರುಗುತ್ತದೆ.

ಕೊನೆಗೆ ಮಾರ್ಚ್ 23. ಆ ದಿನ ನಿಫ್ಟಿ ಕಳೆದುಕೊಂಡದ್ದು ಶೇ 13. ಹದಿನಾಲ್ಕು ದಿನಗಳ ಗರಿಷ್ಠ ಸುಮಾರು 11,390, ಕನಿಷ್ಠ ಸುಮಾರು 7,585, ಮುಕ್ತಾಯ 7,610.25. %K ಒಂದಕ್ಕೂ ಕಡಿಮೆ.

ಇಲ್ಲಿ ನಿಂತು ಎರಡು ಓದುಗಳನ್ನು ಪಕ್ಕಪಕ್ಕ ಇಡಿ. 11,202ರಲ್ಲಿ ಮಾಪಕ ಹೇಳಿದ್ದು ಎರಡೂವರೆ. 7,610ರಲ್ಲಿ ಹೇಳಿದ್ದು ಒಂದರ ಆಸುಪಾಸು. ನಡುವೆ ದೇಶದ ದೊಡ್ಡ ಕಂಪನಿಗಳ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಆವಿಯಾಗಿದೆ, ಮಾಪಕದ ಭಾಷೆಯಲ್ಲಿ ಒಂದೂವರೆ ಅಂಶದ ವ್ಯತ್ಯಾಸ. ಕಾರಣ ಸೂತ್ರದಲ್ಲೇ ಇದೆ. ಬೆಲೆ ಹೊಸ ತಳ ಮಾಡಿದ ಕೂಡಲೇ ಆ ಹೊಸ ತಳವೇ L14 ಆಗುತ್ತದೆ. ಅಳೆಯಬೇಕಾದ ವಸ್ತು ಜಗ್ಗಿದತ್ತ ಹಿಗ್ಗುವ ರಬ್ಬರಿನ ಅಳತೆಪಟ್ಟಿ ಇದು. ಬೆಲೆ ಎಷ್ಟೇ ಆಳಕ್ಕಿಳಿದರೂ ಪಟ್ಟಿಯ ಸೊನ್ನೆ ಅದರ ಕಾಲಡಿಗೆ ಬಂದು ನಿಲ್ಲುತ್ತದೆ. ಸೊನ್ನೆಯ ಕೆಳಗೆ ಇಳಿಯಲು ಮಾಪಕಕ್ಕೆ ಜಾಗವೇ ಇಲ್ಲ. 'ಇನ್ನು ಎಷ್ಟು ಕೆಳಗೆ ಹೋದೀತು' ಎಂದು ನಮಗೆ ಅನ್ನಿಸುವುದು ಗೆರೆ ತಳ ಮುಟ್ಟಿದ್ದರಿಂದ. ಬೆಲೆಗೆ ಅಂಥ ಯಾವ ತಳವೂ ಇರುವುದಿಲ್ಲ.

ಓವರ್‌ಸೋಲ್ಡ್, ಓವರ್‌ಬಾಟ್ ಎಂಬ ಹಣೆಪಟ್ಟಿಗಳು ಹುಟ್ಟಿಸುವ ಭ್ರಮೆಯೂ ಇದೇ. ಅಗ್ಗ, ದುಬಾರಿ ಎಂಬ ತೀರ್ಪು ಅವುಗಳಲ್ಲಿ ಅಡಗಿದೆ. ಸೂತ್ರದಲ್ಲಿ ಕಂಪನಿಯ ಲಾಭವಿಲ್ಲ, ಸಾಲವಿಲ್ಲ, ಎಷ್ಟು ಷೇರು ಕೈಬದಲಾಯಿತೆಂಬ ಲೆಕ್ಕವೂ ಇಲ್ಲ. ಇರುವುದು ಮೂರು ಬೆಲೆಗಳು ಮಾತ್ರ. ಹರವಿನೊಳಗೆ ಇವತ್ತಿನ ಮುಕ್ತಾಯ ಎಲ್ಲಿದೆ ಎಂಬುದಷ್ಟನ್ನೇ ಅದು ಹೇಳಬಲ್ಲದು.

ಮೇಲ್ತುದಿಯಲ್ಲೂ ಇದೇ ಕಥೆ, ಚುಟುಕಾಗಿ ಹೇಳಿಬಿಡುತ್ತೇನೆ. ಅದೇ ವರ್ಷ ನವೆಂಬರ್ 9ರಂದು ನಿಫ್ಟಿ 12,461.05ಕ್ಕೆ ಮುಗಿದು ಜನವರಿಯ ದಾಖಲೆಯನ್ನು ಮುರಿಯಿತು. ಮಾಪಕ 98ರ ಆಸುಪಾಸು, ಅಂದರೆ ಪಕ್ಕಾ ಓವರ್‌ಬಾಟ್. ಅಂದು ಮಾರಿ ಇಳಿಕೆಗಾಗಿ ಕಾದವರು ಕಾಯುತ್ತಲೇ ಉಳಿದರು. ಡಿಸೆಂಬರ್ 21ರ ದೊಡ್ಡ ಕುಸಿತದಲ್ಲೂ ಸೂಚ್ಯಂಕ 13,328ರ ಮೇಲೆಯೇ ಮುಗಿಯಿತು, ವರ್ಷದ ಕೊನೆಗೆ 13,981.75. ಬಲವಾದ ಏರಿಕೆಯಲ್ಲಿ ಮಾಪಕ 80ರ ಮೇಲೆ ಇರುವುದೇ ಸಹಜ ಸ್ಥಿತಿ. ಮುಕ್ತಾಯಗಳು ಮೇಲ್ತುದಿಯ ಬಳಿ ಗುಂಪುಗೂಡುತ್ತವೆ ಎಂದು ಲೇನ್ ಗಮನಿಸಿದ್ದೇ ಅದನ್ನಲ್ಲವೆ? ಏರಿಕೆಯ ಗುರುತನ್ನೇ ಏರಿಕೆ ಮುಗಿಯಿತೆಂಬ ಗುರುತಾಗಿ ಓದುವುದು ನನಗಂತೂ ಈ ಮಾಪಕಕ್ಕೆ ಆಗಿರುವ ಅತಿ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇಷ್ಟಾದರೂ ಯಾರಾದರೂ ಕೇಳಬಹುದು: 80 ದಾಟುವುದು, 20ರ ಕೆಳಗಿಳಿಯುವುದು ಅಪರೂಪದ ಘಟನೆಗಳಲ್ಲವೆ, ಅಪರೂಪದ್ದಕ್ಕೆ ಏನಾದರೂ ಅರ್ಥ ಇರಬೇಕಲ್ಲ? ಅಪರೂಪವಲ್ಲ ಎಂಬುದೇ ಉತ್ತರ. ಬೆಲೆ ಯಾವ ದಿಕ್ಕಿಗೂ ಒಲವಿಲ್ಲದೆ, ಪ್ರತಿ ಗಳಿಗೆಯೂ ನಾಣ್ಯ ಚಿಮ್ಮಿದಂತೆ ಮೇಲೆ ಕೆಳಗೆ ಹೋಗುತ್ತದೆ ಎಂದುಕೊಳ್ಳಿ. ಅಲ್ಲಿ ಮುನ್ಸೂಚನೆ ಎಂಬುದು ಇರಲು ಸಾಧ್ಯವೇ ಇಲ್ಲ. ಅಂಥ ಬೆಲೆಯ ಮೇಲೆ ಈ ಸೂತ್ರ ಹಾಕಿ ಸಂಭವನೀಯತೆಯ ಗಣಿತದಿಂದ ಲೆಕ್ಕ ಹಾಕಿದರೆ, ನೂರು ದಿನಗಳಲ್ಲಿ ಸುಮಾರು 23 ದಿನ ಮೂಲ %K 80ರ ಮೇಲಿರುತ್ತದೆ, ಇನ್ನೊಂದು 23 ದಿನ 20ರ ಕೆಳಗಿರುತ್ತದೆ. ಹೆಚ್ಚುಕಡಿಮೆ ಅರ್ಧ ದಿನಗಳು 'ಅತಿ'ಯ ದಿನಗಳೇ! ಹರವಿನ ಐದರಲ್ಲೊಂದು ಭಾಗದಲ್ಲಿ ನೂರಕ್ಕೆ 20 ದಿನ ಮಾತ್ರ ಸಿಗಬೇಕಲ್ಲ ಎಂದು ಮೊದಲು ತೋರುತ್ತದೆ. ಆದರೆ ಹರವಿನ ತುದಿಗಳನ್ನು ನಿರ್ಮಿಸುವುದೇ ಬೆಲೆಯ ಓಡಾಟ. ಒಂದು ದಿಕ್ಕಿಗೆ ಸ್ವಲ್ಪ ದೂರ ಅಲೆದುಹೋದ ಬೆಲೆ ತಾನೇ ಮಾಡಿದ ತುದಿಯ ಬಳಿ ಇರುವ ಸಾಧ್ಯತೆ ನಡುವಿಗಿಂತ ಹೆಚ್ಚು. ಆದ್ದರಿಂದ ಗೆರೆ ತುದಿ ಮುಟ್ಟಿತೆಂಬುದು ಸುದ್ದಿಯೇ ಅಲ್ಲ. ನಾಣ್ಯ ಚಿಮ್ಮುವ ಆಟದಲ್ಲೂ ಅದು ದಿನಬಿಟ್ಟು ದಿನ ಎಂಬಂತೆ ಸಿಗುತ್ತದೆ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ, ಅದನ್ನು ಗಮನಿಸುವವರೂ ಕಡಿಮೆ. ಮೊದಲು ಹೇಳಿದ ಷೇರನ್ನೇ ತೆಗೆದುಕೊಳ್ಳಿ. ಹರವು 460ರಿಂದ 540, ಮುಕ್ತಾಯ 500, ಮಾಪಕ 50. ಆ 540 ಎಂಬ ಎತ್ತರ ಬಂದದ್ದು ಸರಿಯಾಗಿ ಹದಿನಾಲ್ಕನೆಯ ಹಿಂದಿನ ದಿನ, ಉಳಿದ ದಿನಗಳಲ್ಲಿ ಬೆಲೆ 510 ದಾಟಿಲ್ಲ ಎಂದಿಟ್ಟುಕೊಳ್ಳಿ. ನಾಳೆ ಷೇರು ಮತ್ತೆ 500ಕ್ಕೇ ಮುಗಿಯುತ್ತದೆ. ಒಂದು ಪೈಸೆಯ ಬದಲಾವಣೆಯೂ ಇಲ್ಲ. ಆದರೆ 540ರ ದಿನ ಲೆಕ್ಕದಿಂದ ಹೊರಬಿತ್ತು. ಹೊಸ ಹರವು 460ರಿಂದ 510. ತಳದಿಂದ 40 ಮೇಲೆ, 50ರ ಹರವಿನಲ್ಲಿ. ಮಾಪಕ 80! ಗೆರೆ ರಾತ್ರೋರಾತ್ರಿ 50ರಿಂದ 80ಕ್ಕೆ ಹಾರಿ, ಸರಾಸರಿಯನ್ನು ದಾಟಿ, ಕೊಳ್ಳುವವರು ನುಗ್ಗಿದಂತೆ ತೋರಿಸುತ್ತದೆ. ಯಾರೂ ನುಗ್ಗಿಲ್ಲ. ಎರಡು ವಾರಗಳ ಹಿಂದಿನ ಒಂದು ದಿನ ಕಿಟಕಿಯಿಂದ ಆಚೆ ಹೋಗಿದೆ, ಅಷ್ಟೇ. ಇದನ್ನು ಪತ್ತೆ ಮಾಡುವುದು ಸುಲಭ. ಗೆರೆ ದೊಡ್ಡದಾಗಿ ಚಲಿಸಿದ ದಿನ ಬೆಲೆಯೂ ಚಲಿಸಿತೇ ಎಂದು ನೋಡಿ. ಚಲಿಸಿಲ್ಲವಾದರೆ ಆ ದಿನದ ಸಂಕೇತವನ್ನು ಬಿಟ್ಟುಬಿಡಿ.

ಹರವು ತೀರ ಕಿರಿದಾದಾಗಲೂ ಎಚ್ಚರ ಬೇಕು. ಒಂದು ಷೇರು ಹದಿನಾಲ್ಕು ದಿನ 198 ಮತ್ತು 202ರ ನಡುವೆ ಮಲಗಿದೆ. ಮುಕ್ತಾಯ 199 ಇದ್ದದ್ದು ಮರುದಿನ 201 ಆದರೆ ಮಾಪಕ 25ರಿಂದ 75ಕ್ಕೆ ಏರುತ್ತದೆ. ಎರಡು ರೂಪಾಯಿಯ ಚಲನೆ ಅದು, ಶೇ 1ರಷ್ಟು. ಕೊಂಡು ಮಾರುವ ದಲ್ಲಾಳಿ ಶುಲ್ಕ, ತೆರಿಗೆಗಳನ್ನು ಕಳೆದರೆ ಕೈಗೆ ಉಳಿಯುವುದು ಇನ್ನೂ ಕಡಿಮೆ. ಚಾರ್ಟ್‌ನಲ್ಲಿ ಈ ಏರಿಕೆಯೂ ಮಾರ್ಚ್ 13ರ 1,400 ಅಂಶಗಳ ಏಳುವಿಕೆಯೂ ಒಂದೇ ಅಳತೆಯ ಗುಡ್ಡಗಳಾಗಿ ಕಾಣುತ್ತವೆ, ಏಕೆಂದರೆ ಮಾಪಕ ಹರವಿನ ಗಾತ್ರವನ್ನು ಭಾಗಾಕಾರದಲ್ಲಿ ಅಳಿಸಿಹಾಕಿದೆ.

ಹಾಗಾದರೆ ಇದು ಯಾವಾಗ ಕೆಲಸಕ್ಕೆ ಬರುತ್ತದೆ? ಹರವು ಸಾಕಷ್ಟು ಅಗಲವಾಗಿದ್ದು, ಆದರೆ ಆ ಹರವೇ ಎತ್ತಲೂ ಸರಿಯದೆ ನಿಂತಿದ್ದಾಗ. ಬೆಲೆ ತಿಂಗಳುಗಟ್ಟಲೆ ಮೇಲಿನ ಒಂದು ಮಟ್ಟಕ್ಕೂ ಕೆಳಗಿನ ಒಂದು ಮಟ್ಟಕ್ಕೂ ತಾಕಿ ತಾಕಿ ಮರಳುತ್ತಿದ್ದರೆ, 20ರ ಕೆಳಗಿನ ಓದು ಕೆಳಗಿನ ಮಟ್ಟದ ಬಳಿ ಇದ್ದೇವೆ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ. ಆಗ ಸೊನ್ನೆ ಮತ್ತು ನೂರು ನಿಜವಾದ ಗಡಿಗಳ ಮೇಲೆ ಕೂತಿರುತ್ತವೆ. ಹರವು ನಿಂತಿದೆಯೇ, ಸರಿಯುತ್ತಿದೆಯೇ ಎಂದು ತಿಳಿಯಲು ಬೇರೆ ಮಾಪಕ ಹುಡುಕಬೇಕಿಲ್ಲ. ಇವತ್ತಿನ H14, L14 ಬರೆದುಕೊಳ್ಳಿ. ಪಕ್ಕದಲ್ಲಿ ಹದಿನಾಲ್ಕು ವಹಿವಾಟು ದಿನಗಳ ಹಿಂದಿನ H14, L14 ಬರೆಯಿರಿ. ಎರಡೂ ಜೋಡಿ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತರೆ ಹರವು ನಿಂತಿದೆ. ಎರಡೂ ಅಂಕಿಗಳು ಒಂದೇ ದಿಕ್ಕಿಗೆ ಜಾರಿದ್ದರೆ ಅಥವಾ ತಳ ಮಾತ್ರ ಪಾತಾಳಕ್ಕೆ ಹೋಗಿದ್ದರೆ 20, 80 ಎಂಬ ಗಡಿಗಳಿಗೆ ಅರ್ಥ ಉಳಿದಿಲ್ಲ. 2020ರ ಮಾರ್ಚ್ 13ರಂದು ಈ ಲೆಕ್ಕ ಮಾಡಿದ್ದರೆ ತಳ ಎರಡು ಸಾವಿರಕ್ಕೂ ಹೆಚ್ಚು ಅಂಶ ಕೆಳಗೆ ಸರಿದದ್ದು ಕಣ್ಣಿಗೆ ರಾಚುತ್ತಿತ್ತು. ಕಷ್ಟವೇನೆಂದರೆ, ನಿಂತಿದ್ದ ಹರವು ಯಾವ ದಿನ ಮುರಿಯುತ್ತದೆ ಎಂಬುದನ್ನು ಮಾಪಕ ಮೊದಲೇ ಹೇಳುವುದಿಲ್ಲ. ಮುರಿದ ದಿನವೂ ಅದು ಹೇಳುವುದು '20ರ ಕೆಳಗೆ' ಎಂದೇ. ಹಾಗಾಗಿ ಹರವಿನ ತಳದಲ್ಲಿ ಕೊಳ್ಳುವವರು, ತಳ ಒಡೆದರೆ ಎಲ್ಲಿ ಹೊರಬರುತ್ತೇವೆ ಎಂಬ ಬೆಲೆಯನ್ನು ಕೊಳ್ಳುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಕೊನೆಯದಾಗಿ ಸೂತ್ರಕ್ಕೆ ಉಣಿಸುವ ಅಂಕಿಗಳ ಮಾತು. ಇಡೀ ಲೆಕ್ಕ ನಿಂತಿರುವುದು ಮುಕ್ತಾಯದ ಬೆಲೆಯ ಮೇಲೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಅದು ದಿನದ ಕಟ್ಟಕಡೆಯ ವ್ಯವಹಾರದ ಬೆಲೆಯಲ್ಲ, ಕೊನೆಯ ಅರ್ಧ ಗಂಟೆಯ ವ್ಯವಹಾರಗಳ, ಕೈಬದಲಾದ ಷೇರುಗಳ ಪ್ರಮಾಣಕ್ಕೆ ತಕ್ಕಂತೆ ತೆಗೆದ ಸರಾಸರಿ. ಕೊನೆಯ ನಿಮಿಷಗಳಲ್ಲಿ ಬೆಲೆ ಜಿಗಿದರೆ ಪರದೆಯ ಕೊನೆಯ ಬೆಲೆಗೂ ಅಧಿಕೃತ ಮುಕ್ತಾಯಕ್ಕೂ ವ್ಯತ್ಯಾಸ ಬರುತ್ತದೆ, ಎರಡು ತಂತ್ರಾಂಶಗಳು ಒಂದೇ ಷೇರಿಗೆ ಬೇರೆ ಬೇರೆ ಓದು ತೋರಿಸುವುದಕ್ಕೆ ಇದೂ ಒಂದು ಕಾರಣ. ಮಧ್ಯಾಹ್ನ ಎರಡು ಗಂಟೆಗೆ ಚಾರ್ಟ್‌ನಲ್ಲಿ ಕಾಣುವ ದಾಟುವಿಕೆಯಂತೂ ದಾಟುವಿಕೆಯೇ ಅಲ್ಲ. ಆಗ ಸೂತ್ರದ C ಜಾಗದಲ್ಲಿ ಆ ಕ್ಷಣದ ಬೆಲೆ ಕೂತಿರುತ್ತದೆ, ಸಂಜೆಯೊಳಗೆ ಸಂಕೇತ ಗುರುತೇ ಇಲ್ಲದಂತೆ ಮಾಯವಾಗಬಹುದು. ಹಳೆಯ ಚಾರ್ಟ್ ನೋಡಿ 'ಎಷ್ಟು ಸರಿಯಾಗಿ ಹೇಳಿತ್ತು' ಎಂದು ಬೆರಗಾಗುವವರಿಗೆ ಹೀಗೆ ಮಾಯವಾದ ಸಂಕೇತಗಳು ಕಾಣುವುದಿಲ್ಲ.

ಬೋನಸ್ ಷೇರು ಕೊಟ್ಟಾಗಲೂ ಇದೇ ಪಾಡು. ಬೆಂಗಳೂರಿನ ಇನ್ಫೊಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಾಗ ಷೇರಿನ ಬೆಲೆ ಲೆಕ್ಕದ ಪ್ರಕಾರ ಅರ್ಧವಾಯಿತು. ಯಾರಿಗೂ ನಷ್ಟವಾಗಲಿಲ್ಲ, ಷೇರುಗಳ ಸಂಖ್ಯೆ ದುಪ್ಪಟ್ಟಾಯಿತು. ಹಳೆಯ ಬೆಲೆಗಳನ್ನೂ ಅರ್ಧ ಮಾಡಿ ಹೊಂದಿಸದ ಅಂಕಿಪಟ್ಟಿಯನ್ನು ಬಳಸಿದರೆ, ಬೋನಸ್‌ಗೆ ಹಿಂದಿನ ಎತ್ತರದ ಬೆಲೆ ಕಿಟಕಿಯಿಂದ ಹೊರಹೋಗುವವರೆಗೆ ಮಾಪಕ ಸೊನ್ನೆಯ ಬಳಿಯೇ ಬಿದ್ದಿರುತ್ತದೆ. ಹೆಚ್ಚಿನ ಚಾರ್ಟ್ ತಂತ್ರಾಂಶಗಳು ಹೊಂದಿಸಿಯೇ ಕೊಡುತ್ತವೆ. ಅಂಕಿಗಳನ್ನು ಇಳಿಸಿಕೊಂಡು ತಾವೇ ಲೆಕ್ಕ ಮಾಡುವವರು ಇದನ್ನು ನೋಡಿಕೊಳ್ಳಬೇಕು.

ನೀವು ಈ ಮಾಪಕವನ್ನು ಬಳಸುವವರಾದರೆ ಒಂದು ಕೆಲಸ ಮಾಡಿ. ನಿಮ್ಮಲ್ಲಿರುವ ಯಾವುದಾದರೂ ಒಂದು ಷೇರನ್ನು ಆರಿಸಿ, ಹದಿನಾಲ್ಕು ದಿನಗಳ ಗರಿಷ್ಠ, ಕನಿಷ್ಠ, ಮುಕ್ತಾಯಗಳನ್ನು ಕಾಗದದ ಮೇಲೆ ಬರೆದು ಒಂದು ವಾರ ಕೈಯಿಂದಲೇ ಲೆಕ್ಕ ಹಾಕಿ. ಗೆರೆ ಜಿಗಿದಾಗಲೆಲ್ಲ ಮೂರು ಅಂಕಿಗಳಲ್ಲಿ ಯಾವುದು ಬದಲಾಯಿತು ಎಂದು ಗುರುತು ಹಾಕಿಕೊಳ್ಳಿ. ಬದಲಾದದ್ದು ಮುಕ್ತಾಯವೋ, ಹರವಿನ ತುದಿಯೋ ಎಂಬುದು ಗೊತ್ತಾಗುವವರೆಗೆ ಆ ಗೆರೆಯ ಮಾತು ಕೇಳಿ ಹಣ ಹೂಡಬೇಡಿ.